ಕ್ಯಾನ್ಸಲ್ ಮಾಡಿದರೆ ದಿನ ಹೋಗುವುದಿಲ್ಲ, ಮಾಡದಿದ್ದರೆ ರೊಕ್ಕ ಹೋಗುತ್ತದೆ

ಇಂಡಿ ತಾಲ್ಲೂಕಿನ ಒಂದು ಮನೆ. ಮಗ ಪಿಯುಸಿ ಓದುತ್ತಾನೆ, ಅಪ್ಪನಿಗೆ ಲಿಂಬೆ ತೋಟವಿದೆ. ಮನೆಯಲ್ಲಿರುವ ಒಳ್ಳೆಯ ಫೋನು ಒಂದೇ, ಅದು ಅಪ್ಪನದು. ಅದರಲ್ಲೇ ಮಗನ ಆಟ, ಅದರಲ್ಲೇ ಅಪ್ಪನ ಯುಪಿಐ. ನಾವು ಹೋದಾಗ ಅಪ್ಪ ಬ್ಯಾಂಕಿನ ಮೆಸೇಜು ತೋರಿಸಿ ಮಗನನ್ನು ಕೇಳುತ್ತಿದ್ದರು: “ತಮ್ಮಾ, ಆ ಆಟಾ ತಗದು ಹಾಕೇನಂತಿ. ಮತ್ತ ಎಂಬತ್ತೊಂಬತ್ತು ರೂಪಾಯಿ ಯಾಕ ಹೊಂಟೈತಿ?”

ಮಗ ಸುಳ್ಳು ಹೇಳಿರಲಿಲ್ಲ. ಆಟದ ಆ್ಯಪನ್ನು ಫೋನಿನಿಂದ ನಿಜವಾಗಿಯೂ ಅಳಿಸಿದ್ದ. ಚಂದಾ ಮಾತ್ರ ಕ್ಯಾನ್ಸಲ್ ಮಾಡಿರಲಿಲ್ಲ. ಯಾಕೆಂದು ನಾವು ಕೇಳಿದರೆ ಅವನು ಕೊಟ್ಟ ಉತ್ತರವನ್ನೇ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರ ಬಾಯಲ್ಲೂ ಕೇಳಿದ್ದೇವೆ: “ಕ್ಯಾನ್ಸಲ್ ಮಾಡಿದ್ರ ಉಳಿದ ದಿನಾ ಹೊಕ್ಕಾವಲ್ರೀ ಅಣ್ಣಾರ.”

ಈ ಹೆದರಿಕೆ ತಪ್ಪು. ಇದು ತಾನಾಗಿ ಹುಟ್ಟಿದ್ದಲ್ಲ ಎಂಬುದು ನಮ್ಮ ವಾದ. ಕ್ಯಾನ್ಸಲ್ ಒತ್ತಲು ಹೋದವನಿಗೆ “ನಿಮ್ಮ ಎಲ್ಲ ಸೌಲಭ್ಯ ಕಳೆದುಕೊಳ್ಳುತ್ತೀರಿ” ಎಂದು ಆಟ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ. ಯಾವ ತಾರೀಖಿನಿಂದ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹೇಳುತ್ತದೆ, ಇಲ್ಲವೇ ಹೇಳುವುದೇ ಇಲ್ಲ. ಹುಡುಗ ಕೊನೆಯ ದಿನ ಮಾಡಿದರಾಯಿತು ಎಂದು ಕಾಯುತ್ತಾನೆ. ಅಷ್ಟರಲ್ಲಿ ಮುಂದಿನ ತಿಂಗಳ ರೊಕ್ಕ ಕಡಿತವಾಗಿರುತ್ತದೆ.

ಒಂದು ಚಂದಾಕ್ಕೆ ಮೂರು ವಹಿ

ನಮ್ಮ ಊರಿನ ಅಡತಿ ಅಂಗಡಿಯ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಚಂದಾದ ಹಿಂದೆ ಮೂರು ವಹಿಗಳಿವೆ, ಮೂರೂ ಬೇರೆ ಬೇರೆಯವರ ಕೈಯಲ್ಲಿವೆ.

ಮೊದಲನೆಯದು ಆಟದ ಕಂಪನಿಯ ವಹಿ. ಅದರಲ್ಲಿರುವುದು ಒಂದು ತಾರೀಖು ಮಾತ್ರ: ಈ ಖಾತೆಗೆ ಯಾವತ್ತಿನವರೆಗೆ ಸೌಲಭ್ಯ ಕೊಡಬೇಕು ಎಂಬುದು. ಎರಡನೆಯದು ಆ್ಯಪ್ ಅಂಗಡಿಯ ವಹಿ, ಅಂದರೆ ಪ್ಲೇ ಸ್ಟೋರ್‌ನದು. ಪ್ರತಿ ತಿಂಗಳು ಇಂಥ ದಿನ ಇಷ್ಟು ರೊಕ್ಕ ಕೇಳು ಎಂಬ ಆದೇಶ ಅದರಲ್ಲಿದೆ. ಮೂರನೆಯದು ಬ್ಯಾಂಕಿನ ವಹಿ. ಅವರು ಕೇಳಿದರೆ ಕೊಡು ಎಂದು ಅಪ್ಪನ ಪಿನ್ ಹಾಕಿ ಕೊಟ್ಟ ಅನುಮತಿ ಅಲ್ಲಿದೆ. ಇದನ್ನೇ ಮ್ಯಾಂಡೇಟ್ ಅಥವಾ ಆಟೋಪೇ ಅನ್ನುತ್ತಾರೆ. ಪಿನ್ ಮೊದಲ ಸಲ ಮಾತ್ರ ಬೇಕು. ಆಮೇಲೆ ಇಂಥ ಸಣ್ಣ ಮೊತ್ತಕ್ಕೆ ಯಾರೂ ಪಿನ್ ಕೇಳುವುದಿಲ್ಲ.

ಕ್ಯಾನ್ಸಲ್ ಒತ್ತಿದರೆ ಅಳಿಯುವುದು ಎರಡನೆಯ ವಹಿಯ ಆದೇಶ. ಮೊದಲನೆಯ ವಹಿಯ ತಾರೀಖನ್ನು ಅದು ಮುಟ್ಟುವುದಿಲ್ಲ. ಹೀಗಾಗಿ ಪ್ಲೇ ಸ್ಟೋರ್ ಮೂಲಕ ಕೊಂಡ ಚಂದಾವನ್ನು ತೆಗೆದುಕೊಂಡ ಮರುದಿನವೇ ಕ್ಯಾನ್ಸಲ್ ಮಾಡಿದರೂ ರೊಕ್ಕ ಕೊಟ್ಟ ಕೊನೆಯ ದಿನದವರೆಗೆ ಸೌಲಭ್ಯ ಇರುತ್ತದೆ. ಆ್ಯಪ್ ಅಳಿಸಿದರೆ ಮೂರರಲ್ಲಿ ಒಂದು ವಹಿಯೂ ಬದಲಾಗುವುದಿಲ್ಲ. ಇಂಡಿಯ ಹುಡುಗನಿಗೆ ಆದದ್ದು ಇದು.

ದಿನ ನಿಜವಾಗಿ ಹೋಗುವ ದಾರಿಗಳೂ ಇವೆ. ರೀಫಂಡ್ ಕೇಳಿ ಪಡೆದರೆ ಸೌಲಭ್ಯ ಅಲ್ಲಿಗೇ ನಿಲ್ಲಬಹುದು. ಆಟದ ಖಾತೆಯನ್ನೇ ಡಿಲೀಟ್ ಮಾಡಿದರೆ ಮೊದಲನೆಯ ವಹಿಯ ಹಾಳೆಯೇ ಹರಿದು ಹೋಗುತ್ತದೆ. ಮೊದಲ ತಿಂಗಳಿಗೆ ಕಡಿಮೆ ದರ ಕೊಟ್ಟಿದ್ದರೆ ಮತ್ತೆ ಸೇರುವಾಗ ಆ ದರ ಸಿಗದಿರಬಹುದು. ಪುಕ್ಕಟೆ ಟ್ರಯಲ್‌ನ ಮಾತು ಬೇರೆ, ಕೆಲವು ಕಡೆ ಕ್ಯಾನ್ಸಲ್ ಮಾಡಿದ ಕ್ಷಣವೇ ಅದು ಮುಗಿಯುತ್ತದೆ. ಅದಕ್ಕೇ ಒತ್ತುವ ಮೊದಲು ಪರದೆಯ ಮೇಲಿನ ತಾರೀಖು ಓದಬೇಕು.

ದಿನದ ಮೇಲೆ ದಿನ ಪೇರಿಸಿದಾಗ

ಸಿಂದಗಿಯ ಇನ್ನೊಬ್ಬ ಹುಡುಗನ ಲೆಕ್ಕ ಇದಕ್ಕಿಂತ ತೊಡಕಿನದು. ಅವನು ಜೂನ್ 5ಕ್ಕೆ 89 ರೂಪಾಯಿಯ ತಿಂಗಳ ಚಂದಾ ಶುರು ಮಾಡಿದ. ಅದು ಜುಲೈ 5ರವರೆಗೆ. ಜೂನ್ 20ಕ್ಕೆ ಗೆಳೆಯನಿಂದ ಅದೇ ಚಂದಾದ 30 ದಿನದ ಕೋಡ್ ಸಿಕ್ಕಿತು, ಹಾಕಿಕೊಂಡ. ಆಟದೊಳಗೆ ಕೊನೆಯ ದಿನ ಆಗಸ್ಟ್ 4 ಎಂದು ತೋರಿಸಿತು. ಜುಲೈ 5ರ ಮುಂದೆ 30 ದಿನ, ಲೆಕ್ಕ ಸರಿಯಾಗಿಯೇ ಇತ್ತು. ಆಗಸ್ಟ್‌ವರೆಗೆ ರೊಕ್ಕ ಕಟ್ಟುವ ಮಾತಿಲ್ಲ ಎಂದುಕೊಂಡ. ಜುಲೈ 5ಕ್ಕೆ ಮತ್ತೆ 89 ರೂಪಾಯಿ ಹೋಯಿತು.

ಕೋಡ್ ಹಾಕಿದಾಗ ಮುಂದೆ ಸರಿದದ್ದು ಆಟದ ವಹಿಯ ತಾರೀಖು. ಆ್ಯಪ್ ಅಂಗಡಿಗೆ ಅದರ ಸುದ್ದಿ ಮುಟ್ಟಿರಲಿಲ್ಲ, ಅದು ತನ್ನ ಆದೇಶದ ಪ್ರಕಾರ ಜುಲೈ 5ಕ್ಕೆ ಕೇಳಿತು, ಬ್ಯಾಂಕು ಕೊಟ್ಟಿತು. ಆಟದ ತಾರೀಖು ಸೆಪ್ಟೆಂಬರ್ 4ಕ್ಕೆ ಹೋಯಿತು. ದಿನ ನಷ್ಟವಾಗಲಿಲ್ಲ ನಿಜ, ಆದರೆ ಸೆಪ್ಟೆಂಬರ್‌ನಲ್ಲಿ ಆಡುತ್ತಾನೋ ಇಲ್ಲವೋ ಗೊತ್ತಿಲ್ಲದ ಆಟಕ್ಕೆ ಜುಲೈಯಲ್ಲೇ ರೊಕ್ಕ ಕೊಟ್ಟಂತಾಯಿತು. ಕೋಡ್ ಹಾಕಿದರೆ ಬಿಲ್ಲಿನ ದಿನವನ್ನೂ ಮುಂದಕ್ಕೆ ತಳ್ಳುವ ಆಟಗಳಿವೆ. ಇದು ಅಂಥದ್ದಾಗಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ದಿನಗಳು ಒಂದರ ಮುಂದೆ ಒಂದು ಕೂಡದೆ ಒಂದರ ಮೇಲೊಂದು ಬಿದ್ದಾಗ. ಸಣ್ಣ ಚಂದಾ ಇರುವಾಗಲೇ ದೊಡ್ಡ ಚಂದಾ ಕೊಂಡರೆ ಎರಡೂ ಒಟ್ಟಿಗೇ ಓಡಿ ಒಟ್ಟಿಗೇ ಮುಗಿಯಬಹುದು. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ಕೊಳ್ಳುವ ಮೊದಲು ಕೊನೆಯ ತಾರೀಖು ಬರೆದಿಡಿ, ಕೊಂಡ ಮೇಲೆ ಮತ್ತೆ ನೋಡಿ. 30 ದಿನ ಮುಂದೆ ಸರಿದಿದ್ದರೆ ಪೇರಿಸಿದೆ. ಸರಿಯದಿದ್ದರೆ ಒಂದರೊಳಗೆ ಇನ್ನೊಂದು ಕರಗುತ್ತಿದೆ. ಆಗ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅವತ್ತೇ ಕಂಪನಿಗೆ ಬರೆಯಬೇಕು.

ಸಿಂದಗಿಯ ಹುಡುಗ ಮಾಡಬೇಕಿದ್ದದ್ದು ಇಷ್ಟು: ಜೂನ್ 20ಕ್ಕೆ ಮೊದಲು ಚಂದಾ ಕ್ಯಾನ್ಸಲ್ ಮಾಡಿ, ಜುಲೈ 5 ಎಂಬ ತಾರೀಖು ಹಾಗೇ ಉಳಿದಿದೆಯೇ ನೋಡಿ, ಆಮೇಲೆ ಕೋಡ್ ಹಾಕುವುದು. ಆಗಸ್ಟ್ 4ರವರೆಗೆ ಆಟವೂ ಇರುತ್ತಿತ್ತು, 89 ರೂಪಾಯಿಯೂ ಉಳಿಯುತ್ತಿತ್ತು.

ಯಾವುದು ಮೊದಲು, ಯಾವುದು ಆಮೇಲೆ

ಮೊದಲು ಪ್ಲೇ ಸ್ಟೋರ್ ತೆರೆದು ಮೇಲಿರುವ ನಿಮ್ಮ ಚಿತ್ರ ಒತ್ತಿ. Payments & subscriptions, ಅದರೊಳಗೆ Subscriptions, ಅಲ್ಲಿ ಆಟದ ಹೆಸರು, ಕೆಳಗೆ Cancel subscription. ಪಟ್ಟಿ ಖಾಲಿ ಕಂಡರೆ ಚಂದಾ ಇಲ್ಲವೆಂದು ನಂಬಬೇಡಿ. ಒಂದೇ ಫೋನಿನಲ್ಲಿ ಅಪ್ಪನದೊಂದು, ಮಗನದೊಂದು ಜಿಮೇಲ್ ಇರುತ್ತದೆ, ಯಾವುದರಲ್ಲಿ ಕೊಂಡಿದ್ದೀರೋ ಅದರಲ್ಲಿ ಮಾತ್ರ ಕಾಣುತ್ತದೆ. ಕ್ಯಾನ್ಸಲ್ ಆದ ಮೇಲೆ ಮುಗಿಯುವ ತಾರೀಖಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊನೆಯ ದಿನಕ್ಕೆ ಕಾಯಬೇಡಿ, ರೊಕ್ಕ ಕೇಳುವ ಕೆಲಸ ತಾರೀಖಿಗಿಂತ ಮೊದಲೇ ಶುರುವಾಗುತ್ತದೆ.

ಅದಾದ ಮೇಲೆ ಯುಪಿಐ ಆ್ಯಪಿನ ಆಟೋಪೇ ಪಟ್ಟಿಗೆ ಹೋಗಿ ಆ ಮ್ಯಾಂಡೇಟ್ ರದ್ದು ಮಾಡಿ. ಅಲ್ಲಿ ಆಟದ ಹೆಸರಿನ ಬದಲು ಆ್ಯಪ್ ಅಂಗಡಿಯ ಹೆಸರಿರಬಹುದು. ಅದೇ ಮ್ಯಾಂಡೇಟಿನಲ್ಲಿ ಬೇರೆ ಚಂದಾ ಇಲ್ಲವೆಂದು ಮೊತ್ತ ನೋಡಿ ಖಾತ್ರಿ ಮಾಡಿಕೊಳ್ಳಿ.

ಅನೇಕರು ಕ್ಯಾನ್ಸಲ್ ಬಿಟ್ಟು ಮ್ಯಾಂಡೇಟ್ ಒಂದನ್ನೇ ತೆಗೆಯುತ್ತಾರೆ, ಇಲ್ಲವೇ ಖಾತೆ ಖಾಲಿ ಇಟ್ಟರೆ ಸಾಕು ಅನ್ನುತ್ತಾರೆ. ಆಗ ಅಂಗಡಿಯ ವಹಿಯಲ್ಲಿ ಚಂದಾ ಜೀವಂತ ಇರುತ್ತದೆ, ರೊಕ್ಕ ಬಂದಿಲ್ಲ ಎಂದು ಅದು ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮ್ಯಾಂಡೇಟ್ ಹಾಗೇ ಇದ್ದು, ಅಷ್ಟರಲ್ಲಿ ಖಾಲಿ ಖಾತೆಗೆ ಪಿಎಂ-ಕಿಸಾನ್‌ನ 2000 ರೂಪಾಯಿ ಬಂದು ಬಿದ್ದರೆ ಆಟದ ಪಾಲು ಅದರಿಂದಲೇ ಹೋಗಬಹುದು.

ನಿಯಮ ಇದೆ, ಕನ್ನಡದಲ್ಲಿ ಇಲ್ಲ

“ಬರೇ ಎಂಬತ್ತೊಂಬತ್ತು ರೂಪಾಯಿಗೆ ಇಷ್ಟು ಗದ್ದಲವೇ?” ಎಂದು ಕೇಳುವವರಿದ್ದಾರೆ. ಮೊತ್ತ ಸಣ್ಣದಿರುವುದರಿಂದಲೇ ಯಾರೂ ಜಗಳ ತೆಗೆಯುವುದಿಲ್ಲ. ವರ್ಷಕ್ಕೆ ಅದು 1068 ರೂಪಾಯಿ. ಮಕ್ಕಳನ್ನು ತಂದೆ-ತಾಯಿ ನೋಡಿಕೊಳ್ಳಬೇಕು ಅನ್ನುವವರೂ ಇದ್ದಾರೆ. ಒಪ್ಪುತ್ತೇವೆ. ಆದರೆ ನೋಡಿಕೊಳ್ಳಬೇಕಾದವರಿಗೆ ಓದಲು ಬರುವ ಭಾಷೆಯಲ್ಲಿ ಸುದ್ದಿ ಮುಟ್ಟಬೇಕಲ್ಲ?

ರಿಸರ್ವ್ ಬ್ಯಾಂಕು 2019ರ ಆಗಸ್ಟ್‌ನಲ್ಲಿ ಕಾರ್ಡುಗಳಿಗೆ ಮಾಡಿದ, 2020ರಲ್ಲಿ ಯುಪಿಐಗೂ ವಿಸ್ತರಿಸಿದ ನಿಯಮ ಸ್ಪಷ್ಟವಾಗಿದೆ. ರೊಕ್ಕ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಕೊಡಬೇಕು. ಯಾರಿಗೆ, ಎಷ್ಟು, ಯಾವತ್ತು ಎಂದು ಅದರಲ್ಲಿರಬೇಕು. ಆ ಒಂದು ಕಡಿತವನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ಬೇಡ ಅನ್ನುವ ಅವಕಾಶ ಇರಬೇಕು. ಸೂಚನೆ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದೂ ಆ ಸುತ್ತೋಲೆಯಲ್ಲಿದೆ.

ಇಂಡಿಯ ಆ ಅಪ್ಪನ ಫೋನಿನಲ್ಲಿ ನಾವು ಹಿಂದಿನ ಮೆಸೇಜುಗಳನ್ನು ಹುಡುಕಿದೆವು. 24 ಗಂಟೆ ಮೊದಲಿನ ಸೂಚನೆ ಬಂದಿತ್ತು, ಪ್ರತಿ ತಿಂಗಳೂ ಬಂದಿತ್ತು. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಅವರು ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. “ಓದಾಕ ಬಂದಿದ್ರ ಅವತ್ತ ನಿಲ್ಲಸ್ತಿದ್ನಲ್ರೀ” ಅಂದರು. ಓದಲು ಬರದ ಸೂಚನೆಯನ್ನು ಸೂಚನೆ ಎಂದು ನಾವು ಒಪ್ಪುವುದಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ವಿನ್ಯಾಸಗಳ ಪಟ್ಟಿ ಇದೆ. ಚಂದಾ ಬಲೆ ಅವುಗಳಲ್ಲೊಂದು. ಕ್ಯಾನ್ಸಲ್ ಗುಂಡಿಯನ್ನು ಅಡಗಿಸುವುದು, ಕ್ಯಾನ್ಸಲ್ ದಾರಿಯನ್ನು ಉದ್ದ ಮಾಡುವುದು, ಗೊಂದಲದ ಸೂಚನೆ ಕೊಡುವುದು ಎಲ್ಲ ಇದರೊಳಗೆ ಬರುತ್ತವೆ. ಅಂಥದ್ದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದರಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ.

ನಾವು ಕೇಳುವುದು ಮೂರೇ ಮಾತು. ಬ್ಯಾಂಕುಗಳು ಆಟೋಪೇ ಸೂಚನೆಯನ್ನು ಕನ್ನಡದಲ್ಲಿ ಕಳಿಸಲಿ. ಕ್ಯಾನ್ಸಲ್ ಗುಂಡಿಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, “ಇಂಥ ತಾರೀಖಿನವರೆಗೆ ನಿಮ್ಮ ಸೌಲಭ್ಯ ಇರುತ್ತದೆ” ಎಂದು ಬರೆಯಲಿ. ಆಟೋಪೇ ಇರುವ ಖಾತೆಗೆ ಕೋಡ್ ಹಾಕುವಾಗ “ಮುಂದಿನ ಬಿಲ್ಲು ಇಂಥ ದಿನ ಬಂದೇ ಬರುತ್ತದೆ” ಎಂದು ಆಟವೇ ಎಚ್ಚರಿಸಲಿ.

ಇಂಡಿಯ ಮನೆಯಲ್ಲಿ ನಾವು ಕೂತಿದ್ದಾಗಲೇ ಹುಡುಗ ಚಂದಾ ಕ್ಯಾನ್ಸಲ್ ಮಾಡಿದ. ಪರದೆಯ ಮೇಲೆ ಇನ್ನೂ 19 ದಿನ ಮುಂದಿನ ತಾರೀಖು ಕಂಡಿತು. ಅವನು ಆಟವನ್ನು ಮತ್ತೆ ಇಳಿಸಿಕೊಂಡ. ರೊಕ್ಕ ಕೊಟ್ಟ ದಿನಗಳು, ಆಡಲಿ ಬಿಡಿ.