ಹೊಸ ಗ್ರಾಹಕರ ಲೆಕ್ಕ ಬಿಡಿ, ಹಳಬರು ಉಳಿದರಾ ಹೇಳಿ

2025-30ರ ಸ್ಟಾರ್ಟ್‌ಅಪ್ ನೀತಿಯಲ್ಲಿ ರಾಜ್ಯ ಸರ್ಕಾರ 25,000 ಹೊಸ ಸ್ಟಾರ್ಟ್‌ಅಪ್‌ಗಳ ಗುರಿ ಇಟ್ಟಿದೆ. ಅದರಲ್ಲಿ 10,000 ಬೆಂಗಳೂರಿನ ಹೊರಗೆ ಹುಟ್ಟಬೇಕಂತೆ. ಇದಕ್ಕೆ ತೆಗೆದಿಟ್ಟಿರುವ ಹಣ 518 ಕೋಟಿ ರೂಪಾಯಿ. ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಈ ಲೆಕ್ಕದಲ್ಲಿ ಒಂದು ಮುಖ್ಯ ಕ್ಲಸ್ಟರ್. ಸರಿ, ಒಳ್ಳೆಯದೇ. ಆದರೆ ಎಷ್ಟು ಹುಟ್ಟಿದವು ಅಂತ ಎಣಿಸುವುದು ಸುಲಭ. ಹುಟ್ಟಿದ್ದು ನಿಜವಾಗಿ ಬೆಳೀತಿದೆಯಾ ಅಂತ ತಿಳಿಯೋದು ಹೇಗೆ?

ತಿಂಗಳ ಬಾಡಿಗೆ ಲೆಕ್ಕದಲ್ಲಿ ಸಾಫ್ಟ್‌ವೇರ್ ಕೊಡುವ ಕಂಪನಿಗಳಿಗೆ ಇದಕ್ಕೊಂದು ಅಳತೆಗೋಲು ಇದೆ: ನೆಟ್ ರೆವೆನ್ಯೂ ರಿಟೆನ್ಷನ್, ಚಿಕ್ಕದಾಗಿ ಎನ್‌ಆರ್‌ಆರ್. ವರ್ಷದ ಹಿಂದೆ ಇದ್ದ ಗ್ರಾಹಕರು ಅಂದು 100 ರೂಪಾಯಿ ಕೊಡುತ್ತಿದ್ದರೆ, ಅದೇ ಗ್ರಾಹಕರು ಇಂದು ಎಷ್ಟು ಕೊಡುತ್ತಿದ್ದಾರೆ ಅನ್ನುವುದೇ ಅದು. ಬಿಟ್ಟು ಹೋದವರ ಲೆಕ್ಕ ಸೊನ್ನೆ. ಈ ನಡುವೆ ಬಂದ ಹೊಸಬರನ್ನು ಸೇರಿಸುವಂತಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಪುಟ್ಟ ಕಂಪನಿ, ಉದ್ಯಮಬಾಗ್ ಕಡೆಯ ಫೌಂಡ್ರಿಗಳಿಗೆ ಸಾಫ್ಟ್‌ವೇರ್ ಕೊಡುತ್ತಿದೆ ಅಂದುಕೊಳ್ಳಿ. 100 ಗ್ರಾಹಕರು, ತಲಾ ತಿಂಗಳಿಗೆ 10,000. ಒಟ್ಟು 10 ಲಕ್ಷ. ವರ್ಷ ಕಳೆಯುವಷ್ಟರಲ್ಲಿ 20 ಜನ ಬಿಟ್ಟರು: 2 ಲಕ್ಷ ಹೋಯಿತು. 10 ಜನ ಅರ್ಧಕ್ಕಿಳಿಸಿದರು: ಇನ್ನೊಂದು 50 ಸಾವಿರ ಹೋಯಿತು. 10 ದೊಡ್ಡ ಫೌಂಡ್ರಿಗಳು ಮಾತ್ರ 10,000ದಿಂದ 40,000ಕ್ಕೆ ಏರಿದವು: 3 ಲಕ್ಷ ಬಂತು. ಹಳಬರಿಂದ ಈಗ 10.5 ಲಕ್ಷ, ಅಂದರೆ ಎನ್‌ಆರ್‌ಆರ್ 105%. ಜೊತೆಗೆ 60 ಹೊಸಬರು ಸೇರಿ ಒಟ್ಟು 16.5 ಲಕ್ಷ. ವೇದಿಕೆ ಮೇಲೆ ಹೇಳೋದು ಒಂದೇ ಮಾತು: “ನಾವು 65% ಬೆಳೆದ್ವಿ!”

ಸುಳ್ಳಲ್ಲ. ಆದರೆ ಏರಿಕೆಯನ್ನು ಬದಿಗಿಟ್ಟು, ಹಳೆಯ 10 ಲಕ್ಷದಲ್ಲಿ ಉಳಿದದ್ದೆಷ್ಟು ನೋಡಿ. 7.5 ಲಕ್ಷ. ಇದು ಗ್ರಾಸ್ ರೆವೆನ್ಯೂ ರಿಟೆನ್ಷನ್, 75%. ಇದು ಯಾವತ್ತೂ 100 ದಾಟಲ್ಲ, ಹಾಗಾಗಿಯೇ ಏನನ್ನೂ ಮುಚ್ಚಿಡಲ್ಲ. ಸೋರಿಕೆ ಹೀಗೇ ಇದ್ದರೆ ಮುಂದಿನ ವರ್ಷ ಇದ್ದಲ್ಲೇ ಇರೋಕೆ ಸುಮಾರು 41 ಹೊಸ ಗ್ರಾಹಕರು ಬೇಕು. ಬೆಳಗಾವಿ ಮುಗಿದ ಮೇಲೆ ಕೊಲ್ಲಾಪುರ, ಆಮೇಲೆ? ತೂತು ಕೊಡಕ್ಕೆ ನೀರು ಹೊತ್ತಂತೆ. ಮೇಲಾಗಿ ಹಳಬರ ಹಣದಲ್ಲಿ 4 ಲಕ್ಷ ಬರುತ್ತಿರುವುದು ಆ ಹತ್ತೇ ಫೌಂಡ್ರಿಗಳಿಂದ. ಅವರಲ್ಲಿ ಇಬ್ಬರು ಎದ್ದು ಹೋದರೆ ಎನ್‌ಆರ್‌ಆರ್ 97ಕ್ಕೆ ಬೀಳುತ್ತದೆ.

ಈ ಸಂಖ್ಯೆಯನ್ನು ಚೆಂದ ಮಾಡುವ ದಾರಿಗಳೂ ಇವೆ. ಬಿಟ್ಟು ಹೋದ 20 ಜನರನ್ನು ಲೆಕ್ಕದಿಂದಲೇ ತೆಗೆದು, ಉಳಿದವರ 8 ಲಕ್ಷ 10.5 ಆಯಿತು ಅಂದರೆ 105 ಇದ್ದದ್ದು 131% ಆಗುತ್ತದೆ. ಮೂರು ವರ್ಷದ ಒಪ್ಪಂದ ಬರೆಸಿಕೊಂಡರೆ, ಬೇಸತ್ತ ಗ್ರಾಹಕನೂ ಅಲ್ಲೀವರೆಗೆ ಉಳಿದವನಂತೆಯೇ ಕಾಣುತ್ತಾನೆ. ಅದಕ್ಕೇ ಕೇಳಬೇಕಾದ್ದು: ಈ ವರ್ಷ ನವೀಕರಣಕ್ಕೆ ಬಂದವರಲ್ಲಿ ಎಷ್ಟು ಜನ ಮುಂದುವರಿದರು?

ನಿಜದ ಪ್ರಕರಣ ಬೇಕಾ? ಚೆನ್ನೈನಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್ 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸ್ಡಾಕ್‌ಗೆ ಹೋದಾಗ ತೋರಿಸಿದ ಈ ಸಂಖ್ಯೆ 118%. 2022ರ ಕೊನೆಗೆ 108. 2024ರ ಕೊನೆಗೆ 103. ಅದೇ ಹೊತ್ತಿನಲ್ಲಿ ವಾರ್ಷಿಕ ಆದಾಯ ಸುಮಾರು 37 ಕೋಟಿ ಡಾಲರ್‌ನಿಂದ 72 ಕೋಟಿಗೆ ಏರಿತು. ಆದಾಯ ಮಾತ್ರ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಂಡಿತು. ಒಳಗೆ ಬೆಳವಣಿಗೆಯ ಭಾರ ಹಳಬರ ಹೆಗಲಿನಿಂದ ಹೊಸ ಗ್ರಾಹಕರಿಗೆ, ಕೊಂಡುಕೊಂಡ ಕಂಪನಿಗೆ ಜಾರುತ್ತಿತ್ತು. ಇಂಥ ಸಾಫ್ಟ್‌ವೇರ್‌ಗೆ ಬಳಸುವ ಸಿಬ್ಬಂದಿಯ ತಲೆ ಎಣಿಸಿ ಬಿಲ್ ಮಾಡುತ್ತಾರೆ. ಗ್ರಾಹಕ ಕಂಪನಿಗಳು ನೇಮಕಾತಿ ನಿಲ್ಲಿಸಿದರೆ ಬಿಲ್ಲೂ ಬೆಳೆಯಲ್ಲ. 2024ರ ನವೆಂಬರ್‌ನಲ್ಲಿ ಫ್ರೆಶ್‌ವರ್ಕ್ಸ್ ಸುಮಾರು 660 ಜನರನ್ನು, ಅಂದರೆ ಸಿಬ್ಬಂದಿಯ 13%ರಷ್ಟನ್ನು, ಕಡಿತ ಮಾಡುವುದಾಗಿ ಹೇಳಿತು. ಕಡಿತಕ್ಕೆ ಇದೊಂದೇ ಕಾರಣ ಅನ್ನಲಾಗದು. ಆದರೆ 118ರಿಂದ 108ಕ್ಕೆ ಇಳಿದದ್ದು ಅದಕ್ಕೂ ಸುಮಾರು ಎರಡು ವರ್ಷ ಮೊದಲೇ ಎಲ್ಲರ ಕಣ್ಣೆದುರೇ ಇತ್ತು.

ಷೇರುಪೇಟೆಯಲ್ಲಿರುವ ಕಂಪನಿ ಇಷ್ಟಾದರೂ ಹೇಳುತ್ತದೆ. ಸರ್ಕಾರದ ದುಡ್ಡು ಪಡೆದ ಸಣ್ಣ ಕಂಪನಿ ಯಾರಿಗೆ ಹೇಳುತ್ತದೆ? ಎಲಿವೇಟ್ ಯೋಜನೆಯಡಿ ಒಂದೊಂದು ಸ್ಟಾರ್ಟ್‌ಅಪ್‌ಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಅದು ನಮ್ಮ ತೆರಿಗೆ ಹಣ. ಮೊದಲ ವರ್ಷದ ಕಂಪನಿಗೆ ಈ ಅಳತೆ ಹಚ್ಚುವುದು ಅನ್ಯಾಯ. ಐದೇ ಗ್ರಾಹಕರಿದ್ದಾಗ ಒಬ್ಬ ಬಿಟ್ಟರೂ 20% ಬೀಳುತ್ತದೆ. ಎರಡು ವರ್ಷ ದಾಟಿದ, ಚಂದಾ ಮಾದರಿಯ ಕಂಪನಿಗಳಿಂದಾದರೂ ಗ್ರಾಸ್ ರಿಟೆನ್ಷನ್ ಮತ್ತು ನವೀಕರಣದ ಪ್ರಮಾಣವನ್ನು ಕೇಳಿ, ಜಿಲ್ಲಾವಾರು ಸರಾಸರಿಯನ್ನು ಪ್ರಕಟಿಸಬೇಕು. ಯಾವ ಕಂಪನಿಯ ಗುಟ್ಟೂ ಬಯಲಾಗಲ್ಲ.

ಇಂಟರ್‌ವ್ಯೂಗೆ ಹೋಗುವವರಿಗೂ ಇದು ಬೇಕಾದ ಪ್ರಶ್ನೆ. ಸಂಬಳದ ಒಂದು ಪಾಲನ್ನು ಷೇರಿನಲ್ಲಿ ಕೊಡ್ತೀವಿ ಅಂದಾಗ ಕೇಳಿ: ಹೋದ ವರ್ಷದ ಗ್ರಾಹಕರಲ್ಲಿ ಎಷ್ಟು ಜನ ಇನ್ನೂ ದುಡ್ಡು ಕೊಡ್ತಿದ್ದಾರೆ? ಉತ್ತರ ಹೊಸ ಗ್ರಾಹಕರ ಕಡೆಗೆ ತಿರುಗಿದರೆ, ನಿಮಗೆ ಉತ್ತರ ಸಿಕ್ಕಿದೆ ಅಂತಲೇ ತಿಳಿಯಿರಿ.