ಹದಿನಾರನೆಯ ಅಂಕಿ ಎಲ್ಲಿ ಹೋಯಿತು?

ಒಂದು ಸಹಕಾರ ಸಂಘದ ಪಟ್ಟಿಯಲ್ಲಿ 16 ಅಂಕಿಗಳ ಎರಡು ಖಾತೆ ಸಂಖ್ಯೆಗಳಿವೆ ಎನ್ನಿ: 1000200030004001 ಮತ್ತು 1000200030004002. ಎರಡನ್ನೂ ಎಕ್ಸೆಲ್‌ನಲ್ಲಿ ಪಠ್ಯರೂಪದಲ್ಲೇ ತುಂಬಲಾಗಿದೆ. ಎರಡೆರಡು ಬಾರಿ ಬಂದ ಖಾತೆಗಳನ್ನು ಹುಡುಕಲು ಗುಮಾಸ್ತರು ಈ ಸೂತ್ರ ಬರೆಯುತ್ತಾರೆ:

```
=COUNTIF($A$2:$A$101,A2)
```

ಎರಡರ ಮುಂದೆಯೂ 2 ಎಂಬ ಉತ್ತರ! ನಕಲೆಂದು ಒಂದನ್ನು ಅಳಿಸಿದರೆ ಆ ಸದಸ್ಯರ ಠೇವಣಿ ಪಟ್ಟಿಯಿಂದಲೇ ಮಾಯ.

ಕಾರಣವಿಷ್ಟೆ. ಸಂಖ್ಯೆಯಂತೆ ಕಾಣುವ ಪಠ್ಯವನ್ನು COUNTIF ಸಂಖ್ಯೆಯೆಂದೇ ಎಣಿಸಿ ಹೋಲಿಸುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ ಉಳಿಸಿಕೊಳ್ಳುವುದು 15 ಅಂಕಿಗಳನ್ನು ಮಾತ್ರ; ಮುಂದಿನದು ಸೊನ್ನೆ. ಹಾಗಾಗಿ ಎರಡೂ 1000200030004000 ಆಗಿಬಿಡುತ್ತವೆ. 12 ಅಂಕಿಗಳ ಆಧಾರ್ ಸಂಖ್ಯೆಗೆ ಈ ಕಾಟವಿಲ್ಲ.

ಪರಿಹಾರ ಇದು:

```
=SUMPRODUCT(--($A$2:$A$101=A2))
```

ಇಲ್ಲಿನ ಸಮ ಚಿಹ್ನೆ ಪಠ್ಯವನ್ನು ಪಠ್ಯವಾಗಿಯೇ ಹೋಲಿಸುತ್ತದೆ. ಎರಡು ಋಣ ಚಿಹ್ನೆಗಳು 'ಹೌದು' ಎಂಬುದನ್ನು 1, 'ಅಲ್ಲ' ಎಂಬುದನ್ನು 0 ಮಾಡುತ್ತವೆ; SUMPRODUCT ಅವನ್ನು ಕೂಡುತ್ತದೆ. ಈಗ ಎರಡರ ಮುಂದೆಯೂ ಉತ್ತರ 1.

ಒಂದು ಎಚ್ಚರ: ಕಾಲಂ ಅನ್ನು ಮೊದಲೇ Text ಎಂದು ಗೊತ್ತುಮಾಡದೆ ಸಂಖ್ಯೆ ತುಂಬಿದ್ದರೆ 16ನೆಯ ಅಂಕಿ ಆಗಲೇ ಸೊನ್ನೆಯಾಗಿರುತ್ತದೆ. ಅದನ್ನು ಯಾವ ಸೂತ್ರವೂ ಮರಳಿ ತಾರದು; ಮೂಲ ದಾಖಲೆ ನೋಡಿ ಮತ್ತೆ ತುಂಬಬೇಕು.