ಡಾಕ್ಟರ್ ಗೀಚಿದ್ದಕ್ಕೆ ಬಡವರೇಕೆ ಅಲೆಯಬೇಕು?

ಹಾವು ಕಚ್ಚಿ ಮಗನನ್ನು ಕಳೆದುಕೊಂಡ ಒಡಿಶಾದ ತಂದೆಯೊಬ್ಬರು ಪರಿಹಾರಕ್ಕಾಗಿ ಅಲ್ಲಿನ ಹೈಕೋರ್ಟಿಗೆ ಹೋಗಿದ್ದರು. ಪೋಸ್ಟ್‌ಮಾರ್ಟಂ ವರದಿ ಫೈಲಿನಲ್ಲೇ ಇತ್ತು. ಆದರೆ ಆ ಕೈಬರಹ ನ್ಯಾಯಮೂರ್ತಿಗಳಿಗೂ ಓದಲಾಗಲಿಲ್ಲ. ಕೊನೆಗೆ ಬರೆದ ವೈದ್ಯರೇ ವಿಡಿಯೊದಲ್ಲಿ ಹಾಜರಾಗಿ, ಇದು ಹಾವು ಕಚ್ಚಿ ಆದ ಸಾವು ಎಂದು ತಿಳಿಸಬೇಕಾಯಿತು. ಇಂಥ ವರದಿಗಳನ್ನು ದೊಡ್ಡಕ್ಷರದಲ್ಲಿ ಅಥವಾ ಓದಲು ಬರುವಂತೆ ಬರೆಯಬೇಕೆಂದು ಕೋರ್ಟು 2024ರ ಜನವರಿಯಲ್ಲಿ ಆದೇಶಿಸಿತು.

ನಮ್ಮಲ್ಲಿ ಎಷ್ಟು ಜನ ಕೋರ್ಟಿನವರೆಗೆ ಹೋಗುತ್ತಾರೆ? ಬ್ಯಾಂಕಿನ ಕೌಂಟರಿನಲ್ಲೇ ಸೋತು ವಾಪಸ್ ಬರುತ್ತಾರೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಕಡಿತವಾಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ ಬರಬೇಕು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಕೂಡ ಇದರಲ್ಲಿ ಸೇರುತ್ತದೆ. ಇಂಥ ಸಾವಿಗೆ ತಕ್ಷಣ ಸೇರಿಸಿದ ಆಸ್ಪತ್ರೆಯ ದಾಖಲೆಯೇ ಮುಖ್ಯ ಸಾಕ್ಷಿ.

ಈಗ ಒಂದು ಫೈಲು ಹೇಗೆ ನಿಲ್ಲುತ್ತದೆ ನೋಡಿ. ಮೇವು ಕೊಯ್ಯುವಾಗ ಬಸವ್ವನಿಗೆ ಹಾವು ಕಚ್ಚಿತು ಎಂದುಕೊಳ್ಳಿ. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಟ್ಟು, ಚೀಟಿ ಗೀಚಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಸಾವು. ಚೀಟಿಯಲ್ಲಿ 'ಕಚ್ಚಿದ್ದು' ಅನ್ನುವ ಪದ ಅರ್ಧ ಕಾಣುತ್ತದೆ, ಏನು ಕಚ್ಚಿದ್ದು ಅನ್ನುವುದು ಕಾಣುವುದೇ ಇಲ್ಲ. ಹೆಸರು ಒಂದು ಕಡೆ ಬಸವ್ವ, ಇನ್ನೊಂದು ಕಡೆ ಬಸಮ್ಮ. ಪಂಚನಾಮೆ ಕನ್ನಡದಲ್ಲಿದೆ, ಫೈಲು ನೋಡುವವರಿಗೆ ಕನ್ನಡ ಬರುವುದಿಲ್ಲ. 'ಸ್ಪಷ್ಟೀಕರಣ ತನ್ನಿ' ಅಂತ ಬರೆದು ಫೈಲು ವಾಪಸ್. ಗಂಡ ಕೂಲಿ ಬಿಟ್ಟು ಆಸ್ಪತ್ರೆಗೆ ಹೋದರೆ, ಬರೆದ ಡಾಕ್ಟರಿಗೆ ವರ್ಗಾವಣೆ ಆಗಿರುತ್ತದೆ.

ರೋಗಿಗಳ ಸಾಲು ಉದ್ದ, ಚೆಂದಗೆ ಬರೆಯಲು ಸಮಯವಿಲ್ಲ ಅನ್ನುತ್ತಾರೆ ವೈದ್ಯರು. ಸಾಲು ಉದ್ದ ಇರುವುದು ನಿಜ. ನಾವು ಇಡೀ ಕೇಸ್‌ಶೀಟ್ ಮುತ್ತಿನಂತೆ ಬರೆಯಿರಿ ಅಂತ ಕೇಳುತ್ತಿಲ್ಲ. ಆಧಾರ್‌ನಲ್ಲಿರುವಂತೆ ಹೆಸರು, ವಯಸ್ಸು, ಬಂದ ಸಮಯ, ಕಾರಣ. ಈ ನಾಲ್ಕನ್ನು ದೊಡ್ಡಕ್ಷರದಲ್ಲಿ ಬರೆದು ಸೀಲು ಹಾಕಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಉಳಿಸಿದ್ದಕ್ಕೆ ಒಂದು ಮನೆ ತಿಂಗಳುಗಟ್ಟಲೆ ಅಲೆಯುತ್ತದೆ.

ಕನ್ನಡದ ಕಾಗದ ತಪ್ಪು ಅಂತ ನಾವು ಒಪ್ಪುವುದಿಲ್ಲ. ಮನೆಯವರು ಓದಿ ತಪ್ಪು ಹಿಡಿಯಬಹುದಾದದ್ದು ಅದೊಂದೇ. ಕನ್ನಡದಲ್ಲಿ ಪ್ರಚಾರ ಮಾಡಿ 20 ರೂಪಾಯಿ ಕಡಿತ ಮಾಡುವ ವಿಮೆಯವರು, ಅನುವಾದವನ್ನೂ ತಮ್ಮ ಖರ್ಚಿನಲ್ಲೇ ಮಾಡಿಸಿಕೊಳ್ಳಲಿ.

ಅಲ್ಲಿಯವರೆಗೆ ಆಸ್ಪತ್ರೆ ಬಿಡುವ ಮೊದಲು ಆ ನಾಲ್ಕು ವಿಷಯ ಓದಿಸಿ ನೋಡಿ. ಓದಲು ಬರದಿದ್ದರೆ ದಾಖಲೆಯ ಪ್ರತಿ ಬೇಕೆಂದು ಲಿಖಿತವಾಗಿ ಕೇಳಿ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.